ಬಟ್ಟಲಿನಲ್ಲಿ ಬಿದ್ದ ಮಳೆ ಎಲ್ಲಿಂದ ಬಂತು?

ಬಿ.ಇಡಿ. ಅಭ್ಯಾಸ ಬೋಧನೆಗೆಂದು ಗೋಕುಲ ರಸ್ತೆಯ ಹತ್ತಿರದ ಶಾಲೆಯೊಂದರಲ್ಲಿ ಆರನೇ ತರಗತಿಗೆ ಜಲಚಕ್ರ ಪಾಠ ಮಾಡುತ್ತಿದ್ದೆ. ಬೋಗುಣಿಯಲ್ಲಿ ನೀರು, ನಡುವೆ ಖಾಲಿ ಬಟ್ಟಲು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ನಾಲ್ಕು ತುಂಡು ಐಸ್. ಬಟ್ಟಲಿಗೆ ಹನಿ ಬಿದ್ದಾಗ, ‘ನೋಡಿ, ಮಳೆ!’ ಎಂದೆ. ಹಿಂದಿನ ಬೆಂಚಿನ ಹುಡುಗ ಎದ್ದು, ‘ಟೀಚರ್, ಅದು ಮಳಿ ಅಲ್ರೀ. ಮ್ಯಾಲಿನ ಬರ್ಫ ಕರಗಿ ಸೋರೇತ್ರೀ’ ಎಂದ. ತರಗತಿ ನಕ್ಕಿತು. ಅವನಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಪಾಠ ಯೋಜನೆಯ ‘ಮೌಲ್ಯಮಾಪನ’ ಕಾಲಂನಲ್ಲಿ ವ್ಯಾಖ್ಯೆಗಳಷ್ಟೇ ಇದ್ದವು, ಸಾಕ್ಷಿ ಇರಲಿಲ್ಲ.

ಆ ರಾತ್ರಿ ಯೋಜನೆಯನ್ನು ಅವನ ಅನುಮಾನದ ಸುತ್ತಲೇ ಮತ್ತೆ ಬರೆದೆ. ನೀರು ಮೇಲಿನಿಂದ ಸೋರಿರಬಹುದು, ಕೆಳಗಿನಿಂದ ಸಿಡಿದಿರಬಹುದು, ಇಲ್ಲವೇ ಆವಿಯಾಗಿ ತಂಪಾಗಿ ಬಿದ್ದಿರಬಹುದು. ಮೊದಲೆರಡನ್ನು ತಳ್ಳಿಹಾಕಲು ಎರಡು ಗುರುತು ಸಾಕು. ಕೆಳಗಿನ ನೀರಿಗೆ ಎರಡು ಚಮಚ ಉಪ್ಪು, ಮೇಲಿನ ಐಸ್‌ಗೆ ಬೀಟ್‌ರೂಟ್ ರಸದ ಕೆಂಪು. ಬಟ್ಟಲಿಗೆ ಬಿದ್ದ ನೀರು ಕೆಂಪಾಗಿದ್ದರೆ ಐಸ್ ಸೋರಿದೆ, ಉಪ್ಪಾಗಿದ್ದರೆ ಕೆಳಗಿನ ನೀರು ಸಿಡಿದಿದೆ. ಎರಡೂ ಇಲ್ಲದಿದ್ದರೆ ಆವಿಯ ಮಾತನ್ನು ನಂಬಬಹುದು.

ಮಾದರಿ ಕಟ್ಟುವಾಗಲೂ ನಾನು ಎಡವಿದ ಜಾಗಗಳಿದ್ದವು. ತಣ್ಣೀರು ಹಾಕಿ ಬೆಳಗಿನ ಬಿಸಿಲಿಗಿಟ್ಟಿದ್ದರಿಂದ ಮೊದಲ ಸಲ ಹೆಚ್ಚು ಹೊತ್ತು ಬರೀ ಮಂಜು ಕಟ್ಟಿತ್ತು. ಈಗ ಕೈ ಸುಡದಂತೆ ನಾನೇ ಬಿಸಿನೀರನ್ನು ಎರಡು ಬೆರಳು ಎತ್ತರ ಹಾಕುತ್ತೇನೆ. ಹಗುರ ಸ್ಟೀಲ್ ಬಟ್ಟಲು ತೇಲಿ ಬದಿಗೆ ಸರಿಯುತ್ತದೆ, ಅದಕ್ಕೆ ಒಳಗೊಂದು ತೊಳೆದ ಕಲ್ಲು ಇಡಬೇಕು. ಬಟ್ಟಲಿನ ಬಾಯಿ ಬೋಗುಣಿಯ ಬಾಯಿಗಿಂತ ಸಾಕಷ್ಟು ಕೆಳಗಿರಬೇಕು. ಹಾಳೆಯನ್ನು ಸಡಿಲವಾಗಿ ಹೊದಿಸಿ, ಅಂಚನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಐಸನ್ನು ಪುಟ್ಟ ಚೀಲದಲ್ಲಿ ಕಟ್ಟಿ ಬಟ್ಟಲಿನ ನೇರಕ್ಕೆ ಇಟ್ಟರೆ ಹಾಳೆ ಅಲ್ಲಿ ತಗ್ಗುತ್ತದೆ. ಹನಿಗಳು ಆ ತಗ್ಗಿಗೆ ಜಾರಿ ಬರುತ್ತವೆ. ಹನಿಗಳು ಅಂಚಿಗೆ ಓಡುತ್ತಿದ್ದರೆ ಹಾಳೆ ತೀರಾ ಬಿಗಿಯಾಗಿದೆ ಎಂದೇ ಅರ್ಥ.

ನಲವತ್ತು ನಿಮಿಷಗಳ ಹಂಚಿಕೆ ಹೀಗಿತ್ತು. ಮೊದಲ ಐದು ನಿಮಿಷ ಒಂದೇ ಪ್ರಶ್ನೆ: ‘ಒಣಹಾಕಿದ ಅರಿವೆಯ ನೀರು ಎಲ್ಲಿ ಹೋಯಿತು?’ ಮುಂದಿನ ಐದರಲ್ಲಿ ಮಾದರಿ ಕಟ್ಟುವುದು. ಹನಿ ಬೀಳುವ ಹದಿನೈದು ನಿಮಿಷ ಖಾಲಿ ಬಿಡಲಿಲ್ಲ. ಬಟ್ಟಲಿನ ನೀರು ಯಾವ ಬಣ್ಣ, ಯಾವ ರುಚಿ ಇರುತ್ತದೆ, ಏಕೆ ಎಂದು ಪ್ರತಿಯೊಬ್ಬರೂ ಮೊದಲೇ ಬರೆದಿಟ್ಟರು. ನಂತರ ಹಾಳೆ ತೆಗೆದೆವು. ಬಟ್ಟಲಲ್ಲಿದ್ದದ್ದು ಸ್ವಲ್ಪವೇ ನೀರು, ಆದರೆ ಬಣ್ಣವಿಲ್ಲದ ನೀರು. ಕುಡಿಯುವ ನೀರು, ಅಡುಗೆ ಉಪ್ಪು, ತೊಳೆದ ಪಾತ್ರೆ ಬಳಸಿದ್ದರಿಂದ ಇಬ್ಬರು ಬೆರಳದ್ದಿ ರುಚಿ ನೋಡಿದರು. ‘ಸಪ್ಪಗ ಐತ್ರೀ!’

ರುಚಿ ಇಬ್ಬರದಾಯಿತು, ಉಳಿದವರಿಗೂ ಕಾಣಬೇಕಲ್ಲ? ಕಪ್ಪು ಪಾಟಿಯ ಮೇಲೆ ಬೋಗುಣಿಯದೊಂದು ಹನಿ, ಬಟ್ಟಲಿನದೊಂದು ಹನಿ ಇಟ್ಟು ಕಿಟಕಿಯ ಬಿಸಿಲಿಗೆ ಹಿಡಿದೆವು. ಅವಧಿ ಮುಗಿಯುವ ಹೊತ್ತಿಗೆ ಮೊದಲನೆಯದರ ಜಾಗದಲ್ಲಿ ಬಿಳಿ ಉಪ್ಪಿನ ಕಲೆ ಉಳಿದಿತ್ತು, ಎರಡನೆಯದು ಗುರುತಿಲ್ಲದೆ ಆರಿತ್ತು. ಹಿಂದಿನ ಬೆಂಚಿನ ಹುಡುಗನೇ ಪಾಟಿ ಎತ್ತಿ ಎಲ್ಲರಿಗೂ ತೋರಿಸಿದ. ನೀರು ಮೇಲೇರುವಾಗ ಉಪ್ಪನ್ನು ಬಿಟ್ಟು ಹೋಗುತ್ತದೆ. ಅರಬ್ಬೀ ಸಮುದ್ರದಿಂದ ಎದ್ದ ಆವಿ ನಮಗೆ ಸಿಹಿ ಮಳೆಯಾಗುವುದು ಇದರಿಂದಲೇ.

ಆದರೆ ಮಾದರಿ ಹೇಳುವ ಸುಳ್ಳನ್ನೂ ಕೊನೆಯ ಐದು ನಿಮಿಷದಲ್ಲಿ ಹೇಳಲೇಬೇಕು. ಬಿಸಿನೀರು ನೋಡಿದ ಮಕ್ಕಳು, ನೀರು ಕುದಿದರೆ ಮಾತ್ರ ಆವಿಯಾಗುತ್ತದೆ ಎಂದುಕೊಳ್ಳುತ್ತಾರೆ. ಆಗ ನೆರಳಲ್ಲೂ ಒಣಗುವ ಅರಿವೆಯನ್ನು ನೆನಪಿಸಬೇಕು. ಆಕಾಶದಲ್ಲಿ ಪ್ಲಾಸ್ಟಿಕ್ ಹಾಳೆಯೂ ಇಲ್ಲ, ಐಸೂ ಇಲ್ಲ. ಅಲ್ಲಿ ಗಾಳಿ ಮೇಲೇರುತ್ತ ಹಿಗ್ಗಿ ತಾನೇ ತಂಪಾಗುತ್ತದೆ, ಆವಿ ಧೂಳಿನ ಕಣಗಳ ಮೇಲೆ ಹನಿಯಾಗುತ್ತದೆ. ನೆಲದೊಳಗೆ ಇಂಗುವ ನೀರಂತೂ ಈ ಬೋಗುಣಿಯಲ್ಲಿ ಇಲ್ಲವೇ ಇಲ್ಲ.

ಅದಕ್ಕೇ ಮನೆಗೆಲಸವಾಗಿ ಊರಿನ ಪ್ರಶ್ನೆ ಕೊಟ್ಟೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ನಿಂತು, ಅಲ್ಲಿಂದ ನಮ್ಮ ನಳಕ್ಕೆ ಬರುತ್ತಾಳೆ. ಬೋಗುಣಿ, ಹಾಳೆ, ಬಟ್ಟಲು ಈ ದಾರಿಯಲ್ಲಿ ಯಾವುವು? ಮರುದಿನ ಆ ಹುಡುಗ ಬರೆದು ತಂದಿದ್ದ: ಬೋಗುಣಿ ಸಮುದ್ರ, ಬಟ್ಟಲು ನವಿಲುತೀರ್ಥ. ‘ಹಾಳೆ’ ಎಂಬಲ್ಲಿ ಮಾತ್ರ ಗೆರೆ ಎಳೆದು, ‘ಇದು ಇಲ್ಲ’ ಎಂದು ಬರೆದಿದ್ದ.