ಕಚೇರಿಯ ಗಣಕಯಂತ್ರಗಳ ಬದಲಾವಣೆ: ವರ್ಷವಾರು ಖರ್ಚಿನ ಲೆಕ್ಕ



ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಒಬ್ಬ ಸದಸ್ಯರು ಮುಂಜಾನೆ ಡೇರಿಗೆ ಹಾಲು ಹಾಕಿದರೆ, ಅದರ ಲೀಟರು, ಜಿಡ್ಡು, ಎಸ್.ಎನ್.ಎಫ್. ಸಂಘದಲ್ಲಿ ದಾಖಲಾಗುತ್ತವೆ. ಸಂಘಗಳಿಂದ ಬಂದ ಹಾಲಿನ ಲೆಕ್ಕ ಒಕ್ಕೂಟದ ಕಚೇರಿಯ ಗಣಕಯಂತ್ರದಲ್ಲಿ ಕೂಡಿ ಬಿಲ್ಲಾಗುತ್ತದೆ. ಬಟವಾಡೆಯ ಹಿಂದಿನ ದಿನ ಆ ಯಂತ್ರ ನಿಂತರೆ ಹಿಂಡಿ, ಹೊಟ್ಟಿನ ಉದ್ರಿ ತೀರಿಸಲು ಕಾದವರ ಹಣ ತಡವಾಗುತ್ತದೆ. ಆದ್ದರಿಂದ ಈ ಖರ್ಚಿನ ಲೆಕ್ಕ ಸದಸ್ಯರಿಗೂ ತಿಳಿದಿರಬೇಕು.

ಒಂದು ಒಕ್ಕೂಟದಲ್ಲಿ 20 ಗಣಕಯಂತ್ರಗಳಿವೆ, ಒಂದರ ಬೆಲೆ 50,000 ರೂಪಾಯಿ, ದಿನದ ಹಾಲು 50,000 ಲೀಟರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎಲ್ಲವನ್ನೂ ಒಂದೇ ವರ್ಷ ಬದಲಿಸಿದರೆ 10 ಲಕ್ಷ ಬೇಕು. ಆ ವರ್ಷದ ಪ್ರತಿ ಲೀಟರ್ ಹಾಲಿನ ಮೇಲೆ ಇದು ಸುಮಾರು ಐದೂವರೆ ಪೈಸೆ. ವರ್ಷಕ್ಕೆ ನಾಲ್ಕರಂತೆ ಬದಲಿಸಿದರೆ 2 ಲಕ್ಷ, ಅಂದರೆ ಲೀಟರಿಗೆ ಒಂದು ಪೈಸೆಗಿಂತ ತುಸು ಹೆಚ್ಚು. ಐದು ವರ್ಷದ ಒಟ್ಟು ಖರ್ಚು ಒಂದೇ ಆದರೂ, ಹಾಲಿನ ದರ ನಿಗದಿ ಮಾಡುವಾಗ ಒಂದೇ ವರ್ಷ ಹೊರೆ ಬೀಳುವುದಿಲ್ಲ. ಹೈನು ಕಟ್ಟಿದವರಿಗೆ ಇದು ಹೊಸದಲ್ಲ. ಮನೆಯ ಎಮ್ಮೆಗಳೆಲ್ಲ ಒಮ್ಮೆಗೇ ಮುದಿಯಾಗದಂತೆ ನಾವು ಮಣಕಗಳನ್ನು ಬೆಳೆಸಿಕೊಂಡು ಬರುತ್ತೇವಲ್ಲವೇ?

ಅವಧಿ ಐದು ವರ್ಷವೇ ಏಕೆ? ಖರೀದಿಯ ಹೊತ್ತಿಗೆ ಮೂರು ವರ್ಷದ, ಕಚೇರಿಗೇ ಬಂದು ದುರಸ್ತಿ ಮಾಡುವ ವಾರಂಟಿಯನ್ನು ಕೇಳಿ ಪಡೆಯಬಹುದು. ನಾಲ್ಕು, ಐದನೆಯ ವರ್ಷ ದುರಸ್ತಿ ನಮ್ಮ ಕೈಯಿಂದ. ವರ್ಷಕ್ಕೆ ನಾಲ್ಕರ ಪದ್ಧತಿಯಲ್ಲಿ ಯಾವಾಗಲೂ 12 ಯಂತ್ರ ವಾರಂಟಿಯ ಒಳಗೆ, 8 ಹೊರಗೆ ಇರುತ್ತವೆ. ಅಂದಾಜು ಪತ್ರಿಕೆಯಲ್ಲಿ ದುರಸ್ತಿಗೆ ಈ 8 ಯಂತ್ರಗಳ ಮಟ್ಟಿಗೆ ಹಣ ಇಟ್ಟರೆ ಸಾಕು. ವಿದ್ಯುತ್ತಿನ ಏರಿಳಿತದಿಂದ ಸುಟ್ಟದ್ದು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ಯು.ಪಿ.ಎಸ್. ಬ್ಯಾಟರಿ ಗಣಕಯಂತ್ರಕ್ಕಿಂತ ಮೊದಲೇ ಸವೆಯುವುದರಿಂದ ಅದಕ್ಕೆ ಬೇರೆ ಬಾಬು ಇರಲಿ. ಪ್ರತಿ ಯಂತ್ರದ ಕ್ರಮಸಂಖ್ಯೆ ಮತ್ತು ವಾರಂಟಿ ಮುಗಿಯುವ ದಿನ ದಾಸ್ತಾನು ಪುಸ್ತಕದಲ್ಲಿರಬೇಕು. ಇಲ್ಲದಿದ್ದರೆ ಪುಕ್ಕಟೆ ಆಗಬೇಕಾದ ದುರಸ್ತಿಗೆ ಬಿಲ್ಲು ಕೊಡಬೇಕಾದೀತು.

ಯಂತ್ರ ನಡೆಯುತ್ತಿದ್ದರೂ ಹಳತಾಗುವುದುಂಟು. ವಿಂಡೋಸ್ 10ಕ್ಕೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಒಪ್ಪದ ಯಂತ್ರಗಳನ್ನು ಬಟವಾಡೆಯ ಮೇಜಿನಿಂದ ಮೊದಲು ತೆಗೆಯಬೇಕು.

ಈಗಾಗಲೇ 20 ಯಂತ್ರಗಳೂ ಐದು ವರ್ಷ ಮುಗಿಸಿದ್ದರೆ ಹೇಗೆ? ಆಗ ವರ್ಷಕ್ಕೆ ನಾಲ್ಕರಂತೆ ಹೊರಟರೆ ಕೊನೆಯ ನಾಲ್ಕು ಒಂಬತ್ತು ವರ್ಷದವು ಆಗಿರುತ್ತವೆ. ಆದ್ದರಿಂದ ಮೊದಲ ವರ್ಷ 8, ಎರಡನೆಯ ವರ್ಷ 6, ಮೂರನೆಯ ವರ್ಷ 6 ಕೊಳ್ಳಬೇಕು. ನಾಲ್ಕನೆಯ ವರ್ಷ ಖರೀದಿ ಇಲ್ಲ. ಐದನೆಯ ವರ್ಷ ಮೊದಲ ಎಂಟರಲ್ಲಿ ನಾಲ್ಕನ್ನು ಒಂದು ವರ್ಷ ಮುಂಚೆಯೇ ಬದಲಿಸಿ, ಅಲ್ಲಿಂದ ವರ್ಷಕ್ಕೆ ನಾಲ್ಕರಂತೆ ಸಾಗಿದರೆ ಒಂಬತ್ತನೆಯ ವರ್ಷಕ್ಕೆ ಎಲ್ಲವೂ ಸರದಿಗೆ ಬರುತ್ತವೆ. ಹೊಸದಾಗಿ ಕೊಂಡ ಯಾವ ಯಂತ್ರವೂ ಆರು ವರ್ಷ ದಾಟುವುದಿಲ್ಲ. ಖರೀದಿಯಿಲ್ಲದ ನಾಲ್ಕನೆಯ ವರ್ಷವೂ 2 ಲಕ್ಷ ತೆಗೆದಿಡಬೇಕು. ಬೆಲೆ ಏರಿದಾಗ ಅದೇ ಆಸರೆ. ಜಮಾ-ಖರ್ಚಿನಲ್ಲಿ ಸವಕಳಿ ಬರೆದ ಮಾತ್ರಕ್ಕೆ ಹಣ ಉಳಿದಂತಲ್ಲ. ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಇಟ್ಟರೆ ಮಾತ್ರ ಅದು ಇರುತ್ತದೆ.

ಕೊನೆಯದಾಗಿ ಹಳೆಯ ಯಂತ್ರಗಳ ವಿಲೇವಾರಿ. ಅವುಗಳ ಹಾರ್ಡ್ ಡಿಸ್ಕಿನಲ್ಲಿ ಬ್ಯಾಂಕ್ ಖಾತೆಗಳ ಸಂಖ್ಯೆಗಳಿರುತ್ತವೆ. ಕಡತ ಅಳಿಸಿದರೂ ಅವನ್ನು ಮರಳಿ ತೆಗೆಯಲು ಬರುತ್ತದೆ. ಲೆಕ್ಕದ ಪ್ರತಿಯನ್ನು ಹೊಸ ಯಂತ್ರಕ್ಕೆ ಹಾಕಿ, ಹಿಂದಿನ ತಿಂಗಳ ಬಿಲ್ಲು ಅದರಲ್ಲಿ ತೆರೆಯುತ್ತದೆಯೇ ಎಂದು ನೋಡಿದ ಮೇಲೆ, ಹಳೆಯ ಡಿಸ್ಕನ್ನು ತೆಗೆದು ರಂಧ್ರ ಕೊರೆದು ನಾಶಪಡಿಸಬೇಕು. ಉಳಿದ ಭಾಗವನ್ನು ಗುಜರಿಗೆ ಹಾಕಬಾರದು. ಅಲ್ಲಿ ತಂತಿ ಸುಡುತ್ತಾರೆ, ಸೀಸ ನೆಲಕ್ಕಿಳಿಯುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಬಳಕೆದಾರರು ನೋಂದಾಯಿತ ಮರುಬಳಕೆದಾರರು, ನವೀಕರಿಸುವವರು ಅಥವಾ ತಯಾರಕರಿಗೇ ಇವನ್ನು ಒಪ್ಪಿಸಬೇಕು. ಸಣ್ಣ ಕಚೇರಿಗೂ ಅದೇ ಸುರಕ್ಷಿತ ದಾರಿ. ಆಡಳಿತ ಮಂಡಳಿಯ ಠರಾವು, ಒಪ್ಪಿಸಿದ ರಸೀದಿ ಎರಡೂ ದಾಸ್ತಾನು ಪುಸ್ತಕಕ್ಕೆ ಸೇರಲಿ. ಬರುವ ಮೊತ್ತ ಅಲ್ಪ. ಅದನ್ನು ನಂಬಿ ಅಂದಾಜು ಮಾಡಬಾರದು.

ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಮುಂಗಡಪತ್ರ ಓದಿದಾಗ ಸದಸ್ಯರು ಕೇಳಬೇಕಾದ ಪ್ರಶ್ನೆ ಮೂರೇ: ಈ ವರ್ಷ ಎಷ್ಟು ಯಂತ್ರಗಳ ಸರದಿ? ವಾರಂಟಿ ಮುಗಿದವು ಎಷ್ಟು? ಕಳೆದ ವರ್ಷ ತೆಗೆದವು ಎಲ್ಲಿಗೆ ಹೋದವು?