ಫೋನನ್ನು ಇಪ್ಪತ್ತನೇ ನಿಮಿಷದಲ್ಲಿ ಅಳೆಯಿರಿ

ಗೇಮ್ ಆಡಲೆಂದೇ ಫೋನ್ ಕೊಳ್ಳುವವರು ಅಂಗಡಿಯಲ್ಲಿ ಐದು ನಿಮಿಷ ಆಡಿ ನೋಡಿ ಒಪ್ಪಿಬಿಡುತ್ತಾರೆ. ಆ ಐದು ನಿಮಿಷ ಬಹುತೇಕ ಎಲ್ಲ ಫೋನೂ ಚೆನ್ನಾಗಿಯೇ ಓಡುತ್ತದೆ, ಏಕೆಂದರೆ ಅದಿನ್ನೂ ಬಿಸಿಯಾಗಿರುವುದಿಲ್ಲ.

ಗೆನ್‌ಶಿನ್ ಇಂಪ್ಯಾಕ್ಟ್‌ನಂಥ ಭಾರೀ ಆಟದಲ್ಲಿ ಪ್ರೊಸೆಸರ್ ಎಳೆಯುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಬಹುತೇಕ ಫೋನುಗಳಲ್ಲಿ ಫ್ಯಾನ್ ಇಲ್ಲ. ಜಾಹೀರಾತಿನಲ್ಲಿ ಹೊಗಳುವ ವೇಪರ್ ಚೇಂಬರ್ ಶಾಖವನ್ನು ಒಂದೆಡೆಯಿಂದ ಇಡೀ ಬೆನ್ನಿಗೆ ಹರಡುತ್ತದೆ, ಅಷ್ಟೇ. ಅಲ್ಲಿಂದ ಅದನ್ನು ಒಯ್ಯಬೇಕಾದದ್ದು ಸುತ್ತಲಿನ ಗಾಳಿ. ಮೈ ತೀರಾ ಬಿಸಿಯಾದಾಗ ಫೋನು ತಾನಾಗಿಯೇ ಪ್ರೊಸೆಸರಿನ ವೇಗ ಇಳಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಆಟ ತಡವರಿಸತೊಡಗುವುದು ಆಗಲೇ.

ಇದನ್ನು ಅಳೆಯಲು 3DMark ಆ್ಯಪ್‌ನ Wild Life Stress Test ಇದೆ. ಒಂದೊಂದು ನಿಮಿಷದ ಒಂದೇ ದೃಶ್ಯವನ್ನು ಇಪ್ಪತ್ತು ಸಲ ಓಡಿಸಿ ಪ್ರತಿ ಸುತ್ತಿಗೂ ಅಂಕ ಕೊಡುತ್ತದೆ. ಒಂದು ಫೋನು 10,000ದಿಂದ ಶುರುವಾಗಿ 5,500ಕ್ಕೆ ಕುಸಿಯಿತು ಎನ್ನೋಣ. ಅದರ ಸ್ಥಿರತೆ ಶೇ. 55. ಇನ್ನೊಂದು 7,000ದಿಂದ 6,650ಕ್ಕೆ ಇಳಿಯಿತು, ಶೇ. 95. ಮೊದಲನೆಯದು ದುಬಾರಿಯಾಗಿದ್ದರೂ ಒಂದು ಗಂಟೆ ಆಡುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಶೇಕಡಾವಾರು ಒಂದನ್ನೇ ನೋಡಬಾರದು, ಕೊನೆಯ ಸುತ್ತುಗಳ ಅಂಕವನ್ನೂ ನೋಡಬೇಕು: ಮೊದಲಿಂದಲೂ ನಿಧಾನವಾದ ಫೋನಿಗೂ ಶೇ. 99 ಬರಬಹುದು. ಎ.ಸಿ. ಕೋಣೆಯ ಅಂಕ ಕಲಬುರಗಿಯ ಮೇ ತಿಂಗಳಿಗೆ ಹೊಂದುವುದಿಲ್ಲ. ನೀವು ಆಡುವ ಕೋಣೆಯಲ್ಲೇ, ನೀವು ಹಾಕುವ ಕವರ್‌ನೊಂದಿಗೇ ಓಡಿಸಿ.

ಪರದೆಯ ರಿಫ್ರೆಶ್ ರೇಟ್ ಕೂಡ ಈ ಶಾಖಕ್ಕೇ ಕಟ್ಟುಬಿದ್ದಿದೆ. 120 ಹರ್ಟ್ಸ್ ಪರದೆ ಎಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬಲ್ಲದು. ಅದಕ್ಕೆ ತಕ್ಕಂತೆ ಪ್ರೊಸೆಸರ್ ಸುಮಾರು 8.3 ಮಿಲಿಸೆಕೆಂಡಿಗೊಂದು ಚಿತ್ರ ಬರೆದು ಕೊಡಬೇಕು, 60ಕ್ಕಾದರೆ 16.7 ಮಿಲಿಸೆಕೆಂಡು ಸಿಗುತ್ತದೆ. ಆಟ ಆ ಫೋನಿನಲ್ಲಿ 60 ಫ್ರೇಮ್ ಮಾತ್ರ ಕೊಡುವುದಾದರೆ 120ರ ಪರದೆಯಿಂದ ಆಟಕ್ಕೆ ದೊಡ್ಡ ಲಾಭವಿಲ್ಲ. ಆದ್ದರಿಂದ ನಿಮ್ಮ ಆಟದ ಸೆಟ್ಟಿಂಗ್‌ನಲ್ಲಿ ಆ ಮಾಡೆಲ್‌ಗೆ ಯಾವ ಫ್ರೇಮ್ ರೇಟ್ ತೆರೆದಿದೆ ಎಂದು ಮೊದಲೇ ನೋಡಿ. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿರುವ Show refresh rate ತೋರಿಸುವುದು ಪರದೆಯ ವೇಗವನ್ನು, ಆಟದ ಫ್ರೇಮುಗಳನ್ನಲ್ಲ. ಏರಿಳಿಯುವ 90ಕ್ಕಿಂತ ಕದಲದ 60 ಕಣ್ಣಿಗೂ ಕೈಗೂ ಹಿತ.

ರ‍್ಯಾಮ್ ವಿಚಾರ ಸರಳ. ಅದು ಸಾಲುವಷ್ಟಿದ್ದ ಮೇಲೆ ಹೆಚ್ಚಿಸಿದರೆ ಫ್ರೇಮು ಹೆಚ್ಚುವುದಿಲ್ಲ. ಆಟದ ನಡುವೆ ವಾಟ್ಸ್ಆ್ಯಪ್, ಕ್ಯಾಮೆರಾ ತೆರೆದು ಮರಳಿ ಬನ್ನಿ. ಆಟ ಮತ್ತೆ ಮೊದಲಿನಿಂದ ಲೋಡ್ ಆದರೆ ರ‍್ಯಾಮ್ ಸಾಲುತ್ತಿಲ್ಲ, ಇಲ್ಲವೇ ಫೋನಿನ ತಂತ್ರಾಂಶ ಹಿನ್ನೆಲೆಯ ಆ್ಯಪ್‌ಗಳನ್ನು ಆತುರದಿಂದ ಮುಚ್ಚುತ್ತಿದೆ. ಇಂದಿನ ದೊಡ್ಡ ಆಟಗಳಿಗೆ 8 ಜಿಬಿ ನೆಮ್ಮದಿ, ನಾಲ್ಕಾರು ವರ್ಷ ಇಟ್ಟುಕೊಳ್ಳುವವರಿಗೆ 12. ‘8+8’ ಎಂದು ಮಾರುವ ವರ್ಚುವಲ್ ರ‍್ಯಾಮ್ ನಿಜವಾಗಿ ಸ್ಟೋರೇಜ್‌ನ ಒಂದು ಭಾಗ, ರ‍್ಯಾಮ್‌ಗಿಂತ ಬಹಳ ನಿಧಾನ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಚಾರ್ಜಿಗೆ ಹಾಕಿಕೊಂಡೇ ಆಡುವ ಅಭ್ಯಾಸವಿದ್ದರೆ ಬೈಪಾಸ್ ಚಾರ್ಜಿಂಗ್ ಇದೆಯೇ ಎಂದು ಕೇಳಿ. ಅದರಲ್ಲಿ ವಿದ್ಯುತ್ತು ಬ್ಯಾಟರಿಯನ್ನು ತುಂಬದೆ ನೇರ ಫೋನಿಗೆ ಹೋಗುವುದರಿಂದ, ಚಾರ್ಜಿಂಗ್‌ನ ಶಾಖ ಆಟದ ಶಾಖಕ್ಕೆ ಸೇರುವುದಿಲ್ಲ.