ಬಿಲ್ಲಿನಲ್ಲಿ ಬಂದುಹೋದ ಫಿಸಿಯೋಥೆರಪಿಸ್ಟ್

ಅಮ್ಮನ ಪಿತ್ತಕೋಶದ ಆಪರೇಷನ್ ಮುಗಿದು ಡಿಸ್ಚಾರ್ಜ್ ದಿನ ಕೈಗೆ ಬಂದದ್ದು ಒಂದೇ ಹಾಳೆ: ಒಟ್ಟು 78,400 ರೂಪಾಯಿ. ‘ಔಷಧ’, ‘ಇತರೆ ಸೇವೆ’ ಎಂದು ನಾಲ್ಕೈದು ಸಾಲು, ಅಷ್ಟೆ. ಇಂಥ ಹಾಳೆಯ ಮೇಲೆ ವಾದಕ್ಕಿಳಿದರೆ ಗಂಟಲು ನೋವು ಬರುವುದಷ್ಟೇ ಲಾಭ. ಬಿಲ್ಲಿಂಗ್ ಕೌಂಟರಿನಲ್ಲಿ ದಿನವಾರು, ಬಾಬುವಾರು ವಿವರ ಬೇಕೆಂದು ಬರೆದುಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ.

ಒಂದು ಗಂಟೆಯ ನಂತರ ಆರು ಪುಟ ಬಂತು. ನಾಲ್ಕು ದಿನದ ಫಿಸಿಯೋಥೆರಪಿ, ದಿನಕ್ಕೆ 700. ಅಮ್ಮನ ಹಾಸಿಗೆಯ ಬಳಿ ಅಂಥವರು ಸುಳಿದೇ ಇರಲಿಲ್ಲ. ಬಳಸದೆ ಫಾರ್ಮಸಿಗೆ ಹಿಂದಿರುಗಿಸಿದ್ದ ಆರು ಇಂಜೆಕ್ಷನ್ನುಗಳೂ, ತಲಾ 410ರಂತೆ, ಹಾಗೇ ಉಳಿದಿದ್ದವು. ನನ್ನ ಬಳಿ ವಾಪಸಾತಿ ಚೀಟಿ ಇತ್ತು. ಫಿಸಿಯೋಥೆರಪಿಗೆ ಕೇಸ್ ಶೀಟೇ ಸಾಕ್ಷಿ: ಡಾಕ್ಟರು ಬರೆದ ಸೂಚನೆಯಿಲ್ಲ, ಚಿಕಿತ್ಸೆ ಕೊಟ್ಟವರ ಸಹಿಯೂ ಇಲ್ಲ. ಸೂಚನೆ ಇದ್ದು ಸಹಿ ಇಲ್ಲದಿದ್ದರೂ ಕೇಳಬಹುದು, ಬರೆದದ್ದೆಲ್ಲ ನಡೆದಿರುವುದಿಲ್ಲ.

ಎರಡೂ ಸೇರಿ 5,260 ರೂಪಾಯಿ ಕಳೆದು 73,140ರ ಹೊಸ ಬಿಲ್ ಕೊಟ್ಟರು. ‘ರಿಯಾಯಿತಿ ಅಂತ ಹಾಕ್ಲಾ ಸಾರ್?’ ಎಂದಿದ್ದರು. ಬೇಡವೆಂದೆ. ಕೊಡದ ಸೇವೆಯ ಹಣ ಬಿಡುವುದು ರಿಯಾಯಿತಿ ಹೇಗಾದೀತು?

ಒಪ್ಪದಿದ್ದರೆ ಆಕ್ಷೇಪವನ್ನು ಬರಹದಲ್ಲಿ ದಾಖಲಿಸಿ ಹಣ ಕಟ್ಟಿ ಹೊರಡಬಹುದು. ಆಮೇಲೆ ಕರ್ನಾಟಕದಲ್ಲಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಗ್ರಾಹಕರ ಆಯೋಗದ ಬಾಗಿಲೂ ಇದೆ. ಎರಡೂ ಕಡೆ ಬೇಕಾಗುವುದು ಆ ಸೀಲು ಬಿದ್ದ ನಕಲು.